ಆರೋಪ ಹೊತ್ತು ಹೊರಡುವ ಸಹೋದ್ಯೋಗಿಗೆ ವಿದಾಯ ಬರೆಯುವುದು ಹೇಗೆ?

ದುಬೈಯ ನಮ್ಮ ಕಂಪನಿಯಲ್ಲಿ ಒಂಬತ್ತು ವರ್ಷ ದುಡಿದ ಸ್ಟೋರ್‌ಕೀಪರ್ ಒಬ್ಬರನ್ನು ಸ್ಟಾಕ್ ಕಮ್ಮಿ ಬಂತೆಂದು ಕೆಲಸದಿಂದ ತೆಗೆದರು. ಅವರು ಆರೋಪ ಒಪ್ಪಲಿಲ್ಲ, ಕಾರ್ಮಿಕ ಇಲಾಖೆಯಲ್ಲಿ ದೂರು ಕೊಟ್ಟರು. ಅಷ್ಟರಲ್ಲಿ ಕ್ಯಾಂಪ್ ತುಂಬಾ ಗುಸುಗುಸು. ಸಹೋದ್ಯೋಗಿಗಳ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ಪರವಾಗಿ ಒಂದು ವಿದಾಯದ ಮಾತು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಬರೆದದ್ದು ಹೀಗಿತ್ತು: "ಯಾರು ಏನೇ ಹೇಳಲಿ, ನೀವು ಕದ್ದಿಲ್ಲ ಅಂತ ನಮಗೆ ಗೊತ್ತು." ಪ್ರೀತಿಯಿಂದಲೇ ಬರೆದದ್ದು. ಆದರೆ ಸುದ್ದಿ ಗೊತ್ತಿಲ್ಲದವರಿಗೂ 'ಕಳವು' ಎಂಬ ಪದ ನಾವೇ ತಲುಪಿಸಿದ ಹಾಗಾಗುತ್ತಿತ್ತು. ಇದರ ಜೊತೆ "ಮ್ಯಾನೇಜರ್ ಮೋಸ ಮಾಡಿದ" ಅಂತ ಸೇರಿಸಿದರೆ ಇನ್ನೂ ಅಪಾಯ. ಯುಎಇಯಲ್ಲಿ ವಾಟ್ಸಾಪ್‌ನಲ್ಲಿ ಒಬ್ಬರನ್ನು ನಿಂದಿಸುವುದೂ ಶಿಕ್ಷಾರ್ಹ ಅಪರಾಧ.

ಎರಡನೆಯ ಸಲ ಸುರಕ್ಷಿತವಾಗಿರಲಿ ಅಂತ ಹೀಗೆ ಬರೆದೆ: "ಕೆಲಸ ಬಿಟ್ಟು ಊರಿಗೆ ಹೊರಟಿದ್ದೀರಿ, ಹೊಸ ಬದುಕಿಗೆ ಶುಭಾಶಯ." ಇದು ಇನ್ನೂ ತಪ್ಪು. ಅವರು ಬಿಟ್ಟಿಲ್ಲ, ಅವರನ್ನು ತೆಗೆದಿದ್ದಾರೆ. ದೂರು ನಡೆಯುತ್ತಿರುವಾಗ "ತಾನಾಗಿಯೇ ಬಿಟ್ಟ ಅಂತ ಗೆಳೆಯರೇ ಬರೆದಿದ್ದಾರೆ" ಎಂದು ಎದುರು ಪಕ್ಷ ಆ ಮೆಸೇಜ್ ತೋರಿಸಬಹುದು. ನೊಂದವರಿಗೆ ಆ ಖುಷಿಯ ಧಾಟಿ ಗೇಲಿ ಮಾಡಿದಂತೆಯೂ ಕೇಳುತ್ತದೆ.

ಲೆಕ್ಕ ಬರೆಯುವವನಿಗೆ ಒಂದು ಪಾಠ ಇದೆ: ವೋಚರ್ ಇಲ್ಲದೆ ಎಂಟ್ರಿ ಹಾಕಬಾರದು. ಇಲ್ಲಿಯೂ ಅದೇ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು. ಅವರು ಯಾಕೆ ಹೊರಟರು ಎಂಬುದಕ್ಕೆ ನನ್ನ ಬಳಿ ವೋಚರ್ ಇರಲಿಲ್ಲ. ಅವರು ಹೇಗೆ ದುಡಿದರು ಎಂಬುದಕ್ಕೆ ಇತ್ತು. ಕೊನೆಗೆ ಬರೆದದ್ದು ಇದು:

"ಅಣ್ಣಾ, ಒಂಬತ್ತು ವರ್ಷ ನಿಮ್ಮ ಜೊತೆ ಕೆಲಸ ಮಾಡಿದ್ದೇವೆ. ಹೊಸದಾಗಿ ಬಂದ ಎಷ್ಟೋ ಹುಡುಗರಿಗೆ ಬಿನ್ ಕಾರ್ಡ್ ಬರೆಯೋದು ಕಲಿಸಿದ್ದು ನೀವು. ರಂಜಾನ್ ತಿಂಗಳಲ್ಲಿ ಉಪವಾಸ ಇದ್ದವರ ಲೋಡಿಂಗ್ ಕೆಲಸವನ್ನು ನೀವೇ ವಹಿಸಿಕೊಳ್ತಾ ಇದ್ರಿ. ಅದನ್ನು ಮರೆಯೋದಿಲ್ಲ. ನಮ್ಮ ನಂಬರ್ ನಿಮ್ಮ ಹತ್ರ ಇದೆ, ಯಾವಾಗ ಬೇಕಾದ್ರೂ ಫೋನ್ ಮಾಡಿ."

ಇದರಲ್ಲಿ ಕಾರಣವಿಲ್ಲ, ತೀರ್ಪಿಲ್ಲ, 'ರಾಜೀನಾಮೆ' ಎಂಬ ಪದವಿಲ್ಲ. ಹಾಕುವ ಮುಂಚೆ ಅವರಿಗೇ ಓದಿ ಹೇಳಿ, "ಗ್ರೂಪಿಗೆ ಹಾಕಲಾ ಅಣ್ಣ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕು ಮಾರಾಯ, ಬಿನ್ ಕಾರ್ಡ್ ವಿಷಯ ತೆಗೀಬೇಡ" ಅಂದರು. ಬೇಡ ಅಂದಿದ್ದರೆ ಹಾಕುತ್ತಿರಲಿಲ್ಲ.

"ನಿಮ್ಮ ಮೇಲೆ ನನಗೆ ನಂಬಿಕೆ ಇದೆ" ಎಂಬ ಮಾತನ್ನು ಎದುರು ಕೂತು, ಚಹಾ ಕುಡಿಯುತ್ತಾ ಹೇಳಿದೆ. ಹಾಗೆಯೇ ಇನ್ನೊಂದು ಮಾತು: ಕೆಲಸ ಮುಗಿದ 14 ದಿನಗಳೊಳಗೆ ಬರಬೇಕಾದ ಹಣವೆಲ್ಲ ಕೊಡಬೇಕೆಂದು ಇಲ್ಲಿನ ಕಾನೂನು ಹೇಳುತ್ತದೆ, ಪೂರ್ತಿ ಓದಿ ಅರ್ಥವಾಗದೆ ಸೆಟಲ್‌ಮೆಂಟ್ ಕಾಗದಕ್ಕೆ ಸಹಿ ಹಾಕಬೇಡಿ ಅಂತ. ಗ್ರೂಪಿನಲ್ಲಿ ಹೇಳುವ ಮಾತು ಬೇರೆ, ಪಕ್ಕದಲ್ಲಿ ಕೂತು ಹೇಳುವ ಮಾತು ಬೇರೆ.