ಫೋಟೊದಲ್ಲಿನ ಕೋಷ್ಟಕ ಓದುವಾಗ

ಜನಗಣತಿಯ ಪ್ರಕಾರ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 12,04,078, 2011ರಲ್ಲಿ 13,07,375. ಹತ್ತು ವರ್ಷದ ಏರಿಕೆ ಶೇ. 8.58. ಅದನ್ನು ಹತ್ತರಿಂದ ಭಾಗಿಸಿ ವರ್ಷಕ್ಕೆ ಶೇ. 0.86 ಎಂದುಬಿಡಬೇಡಿ. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ, ಹತ್ತನೇ ಮೂಲ ತೆಗೆದು, ಒಂದು ಕಳೆಯಿರಿ. ಚಕ್ರಬಡ್ಡಿ ಲೆಕ್ಕದ ವಾರ್ಷಿಕ ದರ ಸುಮಾರು ಶೇ. 0.83.

ಈ ದರ ನೋಡುವುದು ಎರಡು ತುದಿಗಳನ್ನಷ್ಟೇ. ಮಸುಕು ಫೋಟೊದಲ್ಲಿ 12,04,078 ನಿಮಗೆ 12,84,078 ಎಂದು ಕಂಡಿತೋ, ಹತ್ತು ವರ್ಷದ ಏರಿಕೆಯೇ ಶೇ. 1.8ಕ್ಕೆ ಇಳಿಯುತ್ತದೆ. ನಡುವಿನ ವರ್ಷದ ಅಂಕಿ ತಪ್ಪಿದರೆ ಈ ದರ ಅಲುಗಾಡದು. ಕೆಡುವುದು ವರ್ಷವಾರು ದರ, ಅದೂ ಜೋಡಿಯಾಗಿ. 100, 110, 121 ಎಂಬ ಸಾಲಿನಲ್ಲಿ 110ನ್ನು 170 ಎಂದು ಓದಿದರೆ ಮೊದಲು ಶೇ. 70 ಜಿಗಿತ, ಮರುವರ್ಷವೇ ಶೇ. 29 ಕುಸಿತ. ಅಂಥ ಜೋಡಿ ಕಂಡಲ್ಲಿ ಫೋಟೊ ಹಿಗ್ಗಿಸಿ, ಕೆಳಗಿನ ಒಟ್ಟು ಮೊತ್ತದೊಂದಿಗೆ ತಾಳೆ ನೋಡಿ.