ಫೋನಿನಲ್ಲಿ ಟ್ರ್ಯಾಕ್ಟರ್ ಬುಕ್ ಮಾಡುವುದು, ಮೀಟರ್ ನೋಡಿ ಬಾಡಿಗೆ ಕೊಡುವುದು



ಮಳೆ ಬಿದ್ದು ಹೊಲ ಹದಕ್ಕೆ ಬಂದ ಕೂಡಲೇ ಊರಿನವರೆಲ್ಲ ಒಂದೇ ಟ್ರ್ಯಾಕ್ಟರಿಗೆ ಕಾಯುತ್ತಾರೆ. ಆ ಗಡಿಬಿಡಿಯಲ್ಲಿ "ಬಂದರೆ ಸಾಕಪ್ಪ" ಅಂತ ರೇಟು ಕೇಳದೆ ಕರೆಸುತ್ತೇವೆ. ಕೆಲಸ ಮುಗಿದ ಮೇಲೆ ಡ್ರೈವರ್ ಹೇಳಿದಷ್ಟು ಕೊಡುತ್ತೇವೆ. ಈ ಪಾಠದಲ್ಲಿ ಎರಡು ವಿಷಯ ಕಲಿಯೋಣ. ಒಂದು, ಫೋನಿನಲ್ಲಿ ಏನು ಹೇಳಬೇಕು, ಏನು ಕೇಳಬೇಕು. ಎರಡು, ಟ್ರ್ಯಾಕ್ಟರಿನ ಮೀಟರ್ ಓದಿ ಬಾಡಿಗೆ ಲೆಕ್ಕ ಹಾಕುವುದು ಹೇಗೆ.

ಬಾಡಿಗೆಗೆ ಎಲ್ಲಿ ಸಿಗುತ್ತದೆ?

ಊರಿನ ಖಾಸಗಿ ಟ್ರ್ಯಾಕ್ಟರ್ ಮಾಲೀಕರು ನಿಮಗೆ ಗೊತ್ತೇ ಇದ್ದಾರೆ. ಇದಲ್ಲದೆ ಕರ್ನಾಟಕ ಸರ್ಕಾರದ ಕೃಷಿ ಇಲಾಖೆ 2014-15ರಲ್ಲಿ 'ಕೃಷಿ ಯಂತ್ರಧಾರೆ' ಯೋಜನೆ ಆರಂಭಿಸಿ, ಹೋಬಳಿ ಮಟ್ಟದಲ್ಲಿ ಬಾಡಿಗೆ ಕೇಂದ್ರಗಳನ್ನು ತೆರೆಯಿತು. ನಿಮ್ಮ ಹೋಬಳಿಯ ಕೇಂದ್ರದ ಫೋನ್ ನಂಬರ್ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಸಂಘದ ಪುಸ್ತಕದಲ್ಲಿ ಬರೆದಿಡಿ. ಮೊದಲ ಸಲ ಹೋಗುವಾಗ ಆಧಾರ್ ಮತ್ತು ಪಹಣಿ ಜೆರಾಕ್ಸ್ ಕೈಯಲ್ಲಿರಲಿ.

ಫೋನ್ ಮಾಡುವ ಮೊದಲು

ಹೊಲದ ಹದ ನೋಡಿ. ನಾಲ್ಕು ಬೆರಳು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡಿ. ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಟ್ಟಾಗ ಒಡೆದು ಪುಡಿಯಾದರೆ ಹದ ಸರಿಯಾಗಿದೆ. ಬಿದ್ದರೂ ಮುದ್ದೆಯಾಗಿಯೇ ಉಳಿದರೆ ಇನ್ನೂ ಹಸಿ ಇದೆ. ಆಗ ರೋಟವೇಟರ್ ಹೊಡೆಸಿದರೆ ಮಣ್ಣು ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ಮೇಲೆ ಬಂದದ್ದು ಒಣಗಿ ಹೆಂಟೆಯಾಗುತ್ತದೆ. ಹಣವೂ ಹೋಯಿತು, ಹೊಲವೂ ಕೆಟ್ಟಿತು. ಒಂದೆರಡು ದಿನ ಬಿಟ್ಟು ಮತ್ತೆ ನೋಡಿ.

ದಾರಿಯನ್ನೂ ನೋಡಿಕೊಳ್ಳಿ. ರೋಟವೇಟರ್ ಸಾಮಾನ್ಯವಾಗಿ 5 ಅಥವಾ 6 ಅಡಿ ಅಗಲ ಇರುತ್ತದೆ. ಹೊಲದ ಬಾಯಿ ಅದಕ್ಕಿಂತ ಚೆನ್ನಾಗಿ ಅಗಲ ಇರಬೇಕು. ಹೊಲದಲ್ಲಿ ದೊಡ್ಡ ಕಲ್ಲು, ನೀರಿನ ಪೈಪು ಇದ್ದರೆ ಗುರುತಿಗೆ ಕಡ್ಡಿ ನೆಡಿ.

ಫೋನಿನಲ್ಲಿ ಮಾತು ಹೀಗಿರಲಿ

"ನಮಸ್ಕಾರ ಅಣ್ಣ, ನಾವು ಸ್ವಸಹಾಯ ಸಂಘದಿಂದ ಮಾತಾಡ್ತಿದ್ದೀವಿ. ರಾಗಿ ಬಿತ್ತನೆಗೆ ರೋಟವೇಟರ್ ಬೇಕಿತ್ತು."

"ಎಷ್ಟು ಎಕರೆ ಅಕ್ಕ?"

"ಮೂರು ಜನರದ್ದು ಸೇರಿ ಮೂರು ಎಕರೆ. ಮೂರೂ ಹೊಲ ಪಕ್ಕಪಕ್ಕ ಇವೆ. ಒಂದು ಸಲ ಕಲ್ಟಿವೇಟರ್ ಹೊಡೆಸಿ ಆಗಿದೆ. ಗಂಟೆಗೆ ಎಷ್ಟು?"

"ಗಂಟೆಗೆ ಸಾವಿರ ರೂಪಾಯಿ ಅಕ್ಕ."

"ಡೀಸೆಲ್, ಡ್ರೈವರ್ ಎಲ್ಲ ಸೇರಿ ತಾನೆ? ಮೀಟರ್ ಎಲ್ಲಿಂದ ಲೆಕ್ಕ? ನಿಮ್ಮ ಶೆಡ್ಡಿಂದಲೋ, ನಮ್ಮ ಹೊಲದಿಂದಲೋ?"

"ಎಲ್ಲ ಸೇರಿ. ಹೊಲಕ್ಕೆ ಬಂದ ಮೇಲೇ ಲೆಕ್ಕ."

"ಸರಿ ಅಣ್ಣ. ಗುರುವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ಬುಧವಾರ ರಾತ್ರಿ ಜೋರು ಮಳೆ ಬಂದ್ರೆ ನಾವೇ ಫೋನ್ ಮಾಡಿ ದಿನ ಬದಲಾಯಿಸ್ತೀವಿ. ಡ್ರೈವರ್ ನಂಬರ್ ಕೊಡಿ."

ಈ ಮಾತಿನಲ್ಲಿ ಮುಖ್ಯವಾದ ಪ್ರಶ್ನೆ "ಮೀಟರ್ ಎಲ್ಲಿಂದ ಲೆಕ್ಕ?" ಎಂಬುದು. ಶೆಡ್ಡಿಂದ ಲೆಕ್ಕ ಹಿಡಿದರೆ ಬರುವ, ಹೋಗುವ ದಾರಿಯ ಹೊತ್ತೂ ನಮ್ಮ ತಲೆ ಮೇಲೆ ಬೀಳುತ್ತದೆ. ಒಬ್ಬೊಬ್ಬರೇ ಕರೆಸುವ ಬದಲು ಮೂವರು ಸೇರಿ ಕರೆಸಿದರೆ ಆ ಖರ್ಚು ಹಂಚಿಹೋಗುತ್ತದೆ.

ಫೋನ್ ಇಟ್ಟ ಮೇಲೆ ಒಂದು ಮೆಸೇಜ್ ಕಳಿಸಿ: "ಗುರುವಾರ ಬೆಳಿಗ್ಗೆ 7 ಗಂಟೆ, ರೋಟವೇಟರ್, 3 ಎಕರೆ, ಗಂಟೆಗೆ 1000 ರೂ., ಡೀಸೆಲ್ ಡ್ರೈವರ್ ಸೇರಿ, ಮೀಟರ್ ಹೊಲದಿಂದ ಹೊಲಕ್ಕೆ." ಮುಂದೆ ಮಾತು ಬಂದರೆ ಇದೇ ಸಾಕ್ಷಿ. ಇಲ್ಲಿನ ಸಾವಿರ ರೂಪಾಯಿ ಬರೀ ಲೆಕ್ಕಕ್ಕೆ. ನಿಮ್ಮ ಕಡೆಯ ರೇಟು ಬೇರೆ ಇರಬಹುದು.

ಮೀಟರ್ ಓದುವುದು

ಸ್ಟೇರಿಂಗ್ ಮುಂದೆ ಇರುವ ಡಯಲ್‌ನಲ್ಲಿ ಅಂಕಿಗಳ ಸಾಲು ಕಾಣುತ್ತದೆ. ಅದೇ ಗಂಟೆ ಮೀಟರ್. ಸಾಮಾನ್ಯವಾಗಿ ಅದರ ಕೊನೆಯ ಅಂಕಿಗೆ ಬೇರೆ ಬಣ್ಣ ಇರುತ್ತದೆ, ಇಲ್ಲವೇ ಅದರ ಹಿಂದೆ ಚುಕ್ಕೆ ಇರುತ್ತದೆ. ಅದು ನಿಮಿಷ ಅಲ್ಲ. ಒಂದು ಗಂಟೆಯನ್ನು ಹತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು, ಅಂದರೆ 6 ನಿಮಿಷ. ಹಾಗಾಗಿ 1.3 ಅಂದರೆ ಒಂದೂವರೆ ಗಂಟೆ ಅಲ್ಲ. ಒಂದು ಗಂಟೆ 18 ನಿಮಿಷ. ಒಂದೂವರೆ ಗಂಟೆ ಅಂದುಕೊಂಡು ಕೊಟ್ಟರೆ ಸಾವಿರದ ರೇಟಿನಲ್ಲಿ 200 ರೂಪಾಯಿ ಹೆಚ್ಚು ಹೋಯಿತು.

ಮೂವರ ಲೆಕ್ಕ ನೋಡೋಣ. ಪ್ರತಿ ಹೊಲದಲ್ಲೂ ಶುರುವಿಗೆ, ಮುಗಿದಾಗ ಮೀಟರ್ ಬರೆದುಕೊಂಡರು.

ಮೊದಲನೆಯವರು, 1 ಎಕರೆ: 2346.2ರಿಂದ 2347.5. ಆದದ್ದು 1.3 ಗಂಟೆ, 1300 ರೂ.
ಎರಡನೆಯವರು, 30 ಗುಂಟೆ: 2347.6ರಿಂದ 2348.6. ಆದದ್ದು 1 ಗಂಟೆ, 1000 ರೂ.
ಮೂರನೆಯವರು, 1 ಎಕರೆ 10 ಗುಂಟೆ: 2348.7ರಿಂದ 2350.3. ಆದದ್ದು 1.6 ಗಂಟೆ, 1600 ರೂ.

ಮೂರೂ ಕೂಡಿದರೆ 3900. ಆದರೆ ಡ್ರೈವರ್ 4100 ಕೇಳಿದ. ಅವನೇನೂ ಮೋಸ ಮಾಡಲಿಲ್ಲ. ಮೊದಲಿಂದ ಕೊನೆಯವರೆಗೆ ಮೀಟರ್ 4.1 ಗಂಟೆ ಓಡಿದೆ. ಒಂದು ಹೊಲದಿಂದ ಇನ್ನೊಂದಕ್ಕೆ ದಾಟಲು ಎರಡು ಸಲವೂ ಆರಾರು ನಿಮಿಷ ಹಿಡಿದಿದೆ. ಆ 200 ರೂಪಾಯಿಯನ್ನು ಗುಂಟೆ ಲೆಕ್ಕದಲ್ಲಿ 67, 50, 83 ಎಂದು ಹಂಚಿಕೊಂಡರು. ಕೊನೆಗೆ ಕೊಟ್ಟದ್ದು 1367, 1050 ಮತ್ತು 1683 ರೂಪಾಯಿ. ಈ ಹಂಚಿಕೆ ಹೇಗೆ ಎಂದು ಮೊದಲೇ ಮಾತಾಡಿದ್ದರಿಂದ ಜಗಳ ಆಗಲಿಲ್ಲ.

ಇನ್ನೊಂದು ಮಾತು. ಹಳೆಯ ಟ್ರ್ಯಾಕ್ಟರುಗಳ ಮೀಟರ್ ಇಂಜಿನ್ ತಿರುಗುವ ವೇಗಕ್ಕೆ ತಕ್ಕಂತೆ ಓಡುತ್ತದೆ. ಆದ್ದರಿಂದ ಗಡಿಯಾರಕ್ಕೂ ಮೀಟರಿಗೂ ಸ್ವಲ್ಪ ವ್ಯತ್ಯಾಸ ಬಂದರೆ ಗಾಬರಿ ಬೇಡ. ಆದರೆ ಇಂಜಿನ್ ಚಾಲೂ ಇದ್ದರೆ ನಿಂತಲ್ಲೇ ಇದ್ದರೂ ಮೀಟರ್ ಏರುತ್ತದೆ. ಡ್ರೈವರ್ ಟೀ ಕುಡಿಯುವಾಗ, ಫೋನಿನಲ್ಲಿ ಮಾತಾಡುವಾಗ ಇಂಜಿನ್ ಆಫ್ ಮಾಡಲು ಹೇಳಿ. ಮೀಟರ್ ಕೆಟ್ಟಿದೆ ಅಂದರೆ, ಗಡಿಯಾರದ ಲೆಕ್ಕವೋ ಎಕರೆ ಲೆಕ್ಕವೋ ಎಂದು ಕೆಲಸ ಶುರುವಾಗುವ ಮೊದಲೇ ತೀರ್ಮಾನಿಸಿ.

ಎಚ್ಚರಿಕೆ

ರೋಟವೇಟರ್ ತಿರುಗುವಾಗ ಹಿಂದೆ ಹಿಂದೆ ಹೋಗಿ ಕಳೆ, ಬೇರು ಆರಿಸಬೇಡಿ. ಬ್ಲೇಡಿಗೆ ಸಿಕ್ಕ ಕಲ್ಲು ಹಾರಿ ಬಂದು ಹೊಡೆಯುತ್ತದೆ. ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಶಕ್ತಿ ಕೊಡುವ ತಿರುಗುವ ಶಾಫ್ಟ್‌ಗೆ ಸೆರಗು ಸಿಕ್ಕರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಆಳನ್ನೇ ಎಳೆದುಕೊಳ್ಳುತ್ತದೆ. ಬ್ಲೇಡಿಗೆ ಸುತ್ತಿದ ಹುಲ್ಲು ಬಿಡಿಸುವುದು ಇಂಜಿನ್ ಆಫ್ ಆದ ಮೇಲೆ ಮಾತ್ರ, ಅದೂ ಡ್ರೈವರ್ ಕೆಲಸ. ಮಕ್ಕಳನ್ನು ಮಡ್‌ಗಾರ್ಡ್ ಮೇಲೆ ಕೂರಿಸಲೇಬೇಡಿ.

ಹಣ ಕೊಟ್ಟ ಕೂಡಲೇ ರಸೀದಿ ಕೇಳಿ. ಖಾಸಗಿಯವರಾದರೆ ಸಂಘದ ಪುಸ್ತಕದಲ್ಲಿ ಮೀಟರ್ ಅಂಕಿ, ಗಂಟೆ, ಹಣ ಬರೆದು ಡ್ರೈವರ್ ಸಹಿ ಹಾಕಿಸಿ. ಮುಂದಿನ ವರ್ಷ ಇದೇ ಹೊಲಕ್ಕೆ ಎಷ್ಟು ಹೊತ್ತು ಬೇಕು ಎಂದು ಆ ಪುಟವೇ ಹೇಳುತ್ತದೆ.

ಸಭೆಯಲ್ಲಿ ಚರ್ಚಿಸಿ

1. ಮೀಟರ್ 512.8ರಿಂದ 515.2ಕ್ಕೆ ಬಂದಿದೆ. ಎಷ್ಟು ಗಂಟೆ, ಎಷ್ಟು ನಿಮಿಷ ಆಯಿತು? (ಉತ್ತರ: 2 ಗಂಟೆ 24 ನಿಮಿಷ)
2. ಈ ಸಲ ಪಕ್ಕಪಕ್ಕದ ಹೊಲದವರು ಯಾರು ಯಾರು ಸೇರಿ ಬುಕ್ ಮಾಡಬಹುದು? ಫೋನ್ ಮಾಡುವವರು ಯಾರು, ಮೀಟರ್ ಬರೆಯುವವರು ಯಾರು?
3. ಹೊಲದಿಂದ ಹೊಲಕ್ಕೆ ದಾಟುವ ಹೊತ್ತಿನ ಹಣವನ್ನು ನಿಮ್ಮ ಸಂಘದಲ್ಲಿ ಸಮನಾಗಿ ಹಂಚುತ್ತೀರಾ, ಗುಂಟೆ ಲೆಕ್ಕದಲ್ಲಿ ಹಂಚುತ್ತೀರಾ?