ಕೈಯಲ್ಲಿರುವ ಮಾತು ಯಾರದು? ಚಾಟ್ ಸಂಭಾಷಣೆಯ ಭಾಷಾ ವಿಶ್ಲೇಷಣೆಯಲ್ಲಿ ಖಾಸಗಿತನ ಮತ್ತು ನ್ಯಾಯ

ಕನ್ನಡ-ಮರಾಠಿ ಮಿಶ್ರಣವನ್ನು ಅಭ್ಯಸಿಸಲು ಹೊರಟ ಗಡಿಭಾಗದ ವಿದ್ಯಾರ್ಥಿಗೆ ಸಾಮಗ್ರಿಯ ಕೊರತೆಯಿಲ್ಲ. ಮೊಬೈಲಿನಲ್ಲಿರುವ ವಾಟ್ಸಾಪ್ ಸಂಭಾಷಣೆಯೇ ಸಾಕು. ಅದರಲ್ಲಿ ದಿನಾಂಕ, ವೇಳೆ, ಮಾತನಾಡಿದವರ ಹೆಸರು ಎಲ್ಲವೂ ಸಾಲುಸಾಲಾಗಿ ದೊರೆಯುತ್ತವೆ. ಆದರೆ ಚಾಟ್‌ಗೆ ಇಬ್ಬರು ಕರ್ತೃಗಳು. ಅಧ್ಯಯನಕ್ಕೆ ಒಪ್ಪಿದವರು ಅವರಲ್ಲಿ ಒಬ್ಬರೇ ಆಗಿದ್ದರೆ, ಉಳಿದ ಅರ್ಧದ ಮೇಲೆ ಅಧ್ಯಯನಕಾರನಿಗೆ ಎಷ್ಟು ಅಧಿಕಾರವಿದೆ ಎಂಬುದನ್ನು ಒಂದು ಕಲ್ಪಿತ ನಿದರ್ಶನದ ಮೂಲಕ ನೋಡಬಹುದು.

ನಿದರ್ಶನ

ಅಕ್ಕಲಕೋಟೆಯ ಕಡೆಯ ವಿದ್ಯಾರ್ಥಿನಿಯೊಬ್ಬಳನ್ನು ‘ಕ’ ಎಂದು ಕರೆಯೋಣ. ಮದುವೆಯಾಗಿ ಪುಣೆಗೆ ಹೋದ ಅವಳ ಬಾಲ್ಯದ ಗೆಳತಿ ‘ಖ’. ಮೂರು ತಿಂಗಳ ಚಾಟ್‌ನಲ್ಲಿ ಖ ತನ್ನ ಹೊಸ ಕೆಲಸದ ಬಗ್ಗೆ ಬರೆದಿದ್ದಾಳೆ. ಅತ್ತೆಮನೆಯ ಸಾಲದ ಬಗ್ಗೆ, ಅದರಿಂದ ಎದ್ದ ಜಗಳದ ಬಗ್ಗೆಯೂ ಬರೆದಿದ್ದಾಳೆ. ಕೆಲಸದ ಮಾತು ಬಂದಾಗ ಅವಳ ಬರಹ ಮರಾಠಿಗೆ ಹೊರಳುತ್ತದೆ, ಮನೆಯ ಸಂಕಟ ಬಂದಾಗ ಕನ್ನಡಕ್ಕೆ ಮರಳುತ್ತದೆ. ಭಾಷಾ ಪಲ್ಲಟದ ಬಗ್ಗೆ ಕಿರುಪ್ರಬಂಧ ಬರೆಯಬೇಕಾದ ಕ ಇದನ್ನು ಗಮನಿಸುತ್ತಾಳೆ. ಪ್ರಬಂಧದ ಮೊದಲ ಉದಾಹರಣೆಯಾಗಿ ಅವಳು ಆರಿಸಿಕೊಂಡದ್ದು ಈ ವಾಕ್ಯ: “ಬರ್ತೀನಿ, ಪಣ ಮನ್ಯಾಗ ಯಾರಿಗೂ ಹೇಳಬ್ಯಾಡ.”

ವ್ಯಾಕರಣದ ದೃಷ್ಟಿಯಿಂದ ಇದು ಒಳ್ಳೆಯ ಉದಾಹರಣೆಯೇ. ಎರಡು ಕನ್ನಡ ಉಪವಾಕ್ಯಗಳ ನಡುವೆ ‘ಆದರೆ’ ಎಂಬರ್ಥದ ಮರಾಠಿ ಅವ್ಯಯ ‘ಪಣ’ ಕುಳಿತಿದೆ. ಆದರೆ ‘ಪಣ’ದ ಮೇಲೆಯೇ ನೆಟ್ಟ ಕಣ್ಣು ‘ಹೇಳಬ್ಯಾಡ’ವನ್ನು ಓದಲಿಲ್ಲ. ಯಾರಿಗೂ ಹೇಳಬಾರದೆಂದು ಕೇಳಿಕೊಂಡ ಮಾತೇ ಇಡೀ ತರಗತಿಯ ಮುಂದೆ ಓದುವ ಉದಾಹರಣೆಯಾಯಿತು. ಈ ಬಗೆಯ ಅಧ್ಯಯನದ ನಿಜವಾದ ತೊಡಕು ಇಲ್ಲಿದೆ. ಮನಸ್ಸು ಬಿಚ್ಚಿದಲ್ಲಿ ಭಾಷೆ ಸಹಜವಾಗಿ ಹೊರಳುತ್ತದೆ. ಆದ್ದರಿಂದ ಅತ್ಯುತ್ತಮ ಸಾಕ್ಷ್ಯವೇ ಅತ್ಯಂತ ಖಾಸಗಿಯಾದ ಮಾತೂ ಆಗಿರುತ್ತದೆ.

ಪಡೆದವರು ಒಡೆಯರಲ್ಲ

“ನನಗೇ ಬರೆದದ್ದು, ಆದ್ದರಿಂದ ನನ್ನದು” ಎಂಬ ವಾದ ಹಳೆಯದು. ಕವಿ ಅಲೆಕ್ಸಾಂಡರ್ ಪೋಪ್‌ನ ಪತ್ರಗಳನ್ನು ಎಡ್ಮಂಡ್ ಕರ್ಲ್ ಎಂಬ ಪುಸ್ತಕ ವ್ಯಾಪಾರಿ ಅಪ್ಪಣೆಯಿಲ್ಲದೆ ಅಚ್ಚು ಹಾಕಿದಾಗ, 1741ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಈ ವಾದವನ್ನು ಪರಿಶೀಲಿಸಿತು. ಪತ್ರ ಪಡೆದವರಿಗೆ ಕಾಗದದ ಮೇಲೆ ಹಕ್ಕಿರಬಹುದು, ಆದರೆ ಅದರಲ್ಲಿನ ಬರಹವನ್ನು ಪ್ರಕಟಿಸುವ ಪರವಾನಗಿ ಅದರಿಂದ ಬರುವುದಿಲ್ಲ ಎಂಬುದು ಅಲ್ಲಿ ನಿಂತ ತತ್ತ್ವ. ಚಾಟ್‌ನಲ್ಲಿ ಕಾಗದದ ಸ್ಥಾನದಲ್ಲಿ ಮೊಬೈಲ್ ಇದೆ, ಅಷ್ಟೇ ವ್ಯತ್ಯಾಸ.

ಇದು ಬರಹದ ಒಡೆತನದ ಮಾತು. ಖಾಸಗಿತನ ಇದಕ್ಕಿಂತ ವಿಶಾಲವಾದುದು. ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು, ಪುಟ್ಟಸ್ವಾಮಿ ಪ್ರಕರಣದಲ್ಲಿ, ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಆದರೆ ಖಳ ಪ್ರಶ್ನೆ ನ್ಯಾಯಾಲಯದವರೆಗೆ ಹೋಗುವಂಥದ್ದಲ್ಲ. ಗೆಳತಿಗೆ ಹೇಳಿದ ಮಾತು ಗೆಳತಿಯ ತರಗತಿಗೆ ಹೇಳಿದ ಮಾತಲ್ಲ, ಇಷ್ಟೇ ಅವಳ ತಕರಾರು. ಒಂದು ಸಂದರ್ಭದಲ್ಲಿ ಕೊಟ್ಟ ನಂಬಿಕೆ ಮತ್ತೊಂದು ಸಂದರ್ಭಕ್ಕೆ ತಾನಾಗಿ ವರ್ಗವಾಗುವುದಿಲ್ಲ.

ಹೆಸರು ಅಳಿಸಿದರೆ ಸಾಕೇ?

ಹೆಸರಿನ ಜಾಗದಲ್ಲಿ ‘ಖ’ ಎಂದು ಬರೆದರೆ ಗುರುತು ಮುಚ್ಚಿತೆಂದು ಅನೇಕರು ನಂಬುತ್ತಾರೆ. ದೊಡ್ಡ ನಗರದಲ್ಲಿ ಇದು ಸ್ವಲ್ಪಮಟ್ಟಿಗೆ ನಿಜವಾಗಬಹುದು. ತಾಲೂಕಿನ ಕಾಲೇಜಿನಲ್ಲಿ ನಿಜವಲ್ಲ. ಪುಣೆಗೆ ಮದುವೆಯಾಗಿ ಹೋದವಳು, ಹೊಸ ಕೆಲಸ, ಮನೆಯ ಸಾಲ ಎಂಬ ಮೂರು ಸುಳಿವು ಸಿಕ್ಕರೆ ಓರಗೆಯವರು ಹೆಸರನ್ನು ತಾವೇ ತುಂಬಿಕೊಳ್ಳುತ್ತಾರೆ. ಉಪಭಾಷೆಯೂ ಊರನ್ನು ಹೇಳಿಬಿಡುತ್ತದೆ. ಇದರ ಜೊತೆಗೆ ಚಾಟ್‌ನಲ್ಲಿ ಮೂರನೆಯವರೂ ಇದ್ದಾರೆ: ಸಾಲ ಮಾಡಿದವರು, ಜಗಳವಾಡಿದವರು. ಖ ಒಪ್ಪಿದರೂ ಅವರ ಪರವಾಗಿ ಅವಳು ಒಪ್ಪಲಾರಳು. ಆದ್ದರಿಂದ ಅವರ ಸಂಗತಿ ಬರುವ ಸಾಲುಗಳನ್ನು ಬಿಡಲೇಬೇಕು.

ಇದಕ್ಕೊಂದು ದಾರಿಯುಂಟು. ಸಾಕ್ಷ್ಯವನ್ನು ವಾಕ್ಯದ ರೂಪದಲ್ಲಲ್ಲ, ವರ್ಗದ ರೂಪದಲ್ಲಿ ಕೊಡಬಹುದು. “ಕನ್ನಡ ಉಪವಾಕ್ಯ + ಮರಾಠಿ ಅವ್ಯಯ + ಕನ್ನಡ ಉಪವಾಕ್ಯ: ಇಷ್ಟು ಸಲ” ಎಂದು ಪಟ್ಟಿ ಮಾಡಿದರೆ ರಚನೆ ಉಳಿಯುತ್ತದೆ, ಗುಟ್ಟು ಹೊರಬೀಳುವುದಿಲ್ಲ. ಓದುಗರಿಗೆ ಮಾದರಿ ಬೇಕಾದರೆ “ಹೋಗ್ತೀನಿ, ಪಣ ಮಳಿ ಬಂದ್ರ ಹೋಗಂಗಿಲ್ಲ” ಎಂಬಂಥ ವಾಕ್ಯವನ್ನು ಕಟ್ಟಬಹುದು. ಅದು ರಚಿತ ವಾಕ್ಯವೆಂದು ಸ್ಪಷ್ಟವಾಗಿ ನಮೂದಿಸಬೇಕು, ಏಕೆಂದರೆ ಅದು ವಿವರಣೆಯೇ ಹೊರತು ಸಾಕ್ಷ್ಯವಲ್ಲ. ಈ ಪಟ್ಟಿಗೂ ಖಳ ಒಪ್ಪಿಗೆ ಬೇಕು. ಎಣಿಸಿದ್ದು ಅವಳ ಮಾತನ್ನೇ.

ಅರ್ಧ ದಾಖಲೆಯ ಮೇಲೆ ತೀರ್ಪು

ಖಾಸಗಿತನದಷ್ಟೇ ನ್ಯಾಯದ ಪ್ರಶ್ನೆಯೂ ಮುಖ್ಯ. ಕ ತೆಗೆದ ಭಾಗದಲ್ಲಿ ಒಟ್ಟು 120 ಸಂದೇಶಗಳಿವೆಯೆಂದು ಭಾವಿಸೋಣ: ಅವಳವು 48, ಖಳವು 72. ಮಾಧ್ಯಮಗಳನ್ನು ಬಿಟ್ಟು ಚಾಟನ್ನು ಎಕ್ಸ್‌ಪೋರ್ಟ್ ಮಾಡಿದಾಗ ಧ್ವನಿ ಸಂದೇಶದ ಜಾಗದಲ್ಲಿ `<Media omitted>` ಎಂದಷ್ಟೇ ಬರುತ್ತದೆ. ಕಳುಹಿಸಿದವರು ಅಳಿಸಿದ್ದರೆ `This message was deleted` ಎಂದಿರುತ್ತದೆ. ಖಳ 72ರಲ್ಲಿ 18 ಧ್ವನಿ ಸಂದೇಶಗಳು, 4 ಅಳಿಸಿದವು. ಓದಲು ಉಳಿದದ್ದು 50. ಅಂದರೆ ಅವಳ ಮಾತಿನ ಸುಮಾರು ಮೂರನೆಯ ಒಂದು ಭಾಗ ಕಣ್ಣಿಗೆ ಬೀಳಲೇ ಇಲ್ಲ. ಆ ಧ್ವನಿ ಸಂದೇಶಗಳು ಜಗಳದ ದಿನಗಳಲ್ಲೇ ಹೆಚ್ಚಾಗಿದ್ದರೆ, “ಖ ದುಃಖವನ್ನು ಕನ್ನಡದಲ್ಲಿ ಹೇಳುತ್ತಾಳೆ” ಎಂಬ ತೀರ್ಮಾನಕ್ಕೆ ಆಧಾರವೇ ಸಡಿಲವಾಗುತ್ತದೆ.

ಭಾಷೆಯಿಂದ ಸ್ವಭಾವಕ್ಕೆ ಜಿಗಿಯುವುದು ಇದಕ್ಕಿಂತ ದೊಡ್ಡ ತಪ್ಪು. ಒಂದು ವಾರ ಖ ಬರಿಯ ‘ಹೂಂ’ ಎಂದು ಉತ್ತರಿಸಿದ್ದನ್ನು ಕಂಡ ಕ “ಈ ಹಂತದಲ್ಲಿ ಖ ನಿರಾಸಕ್ತಳು” ಎಂದು ಬರೆದರೆ, ಆ ವಾರ ಇಬ್ಬರೂ ದಿನವೂ ಫೋನಿನಲ್ಲಿ ಮಾತನಾಡಿದ್ದು ಲೆಕ್ಕಕ್ಕೇ ಬಾರದು. ಎಕ್ಸ್‌ಪೋರ್ಟ್ ಮಾಡಿದವಳೂ, ಭಾಗವನ್ನು ಆರಿಸಿದವಳೂ, ಅರ್ಥ ಹೇಳುವವಳೂ ಕ ಒಬ್ಬಳೇ. ಖ ಅಲ್ಲಿಲ್ಲ, ಅಲ್ಲಗಳೆಯಲಾರಳು. ಹೀಗಾಗಿ ಬರೆಯಬಹುದಾದದ್ದು ಇಷ್ಟೇ: “ಲಭ್ಯವಿರುವ 50 ಲಿಖಿತ ಸಂದೇಶಗಳಲ್ಲಿ ಇಂಥ ರಚನೆ ಇಷ್ಟು ಸಲ ಕಂಡಿದೆ.”

ಕೇಳುವ ಕ್ರಮ

ಒಪ್ಪಿಗೆಯನ್ನು ವಿಶ್ಲೇಷಣೆಗೆ ಮೊದಲೇ ಕೇಳಬೇಕು. ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನ ಸಂದೇಶಗಳು, ಏನನ್ನು ಎಣಿಸಲಾಗುವುದು, ಯಾರು ಓದುತ್ತಾರೆ, ಯಾವ ದಿನದೊಳಗೆ ಹಿಂದೆ ಸರಿಯಬಹುದು ಎಂಬ ನಾಲ್ಕು ಸಂಗತಿಗಳು ಅದರಲ್ಲಿರಬೇಕು. ಬೇಡವಾದ ಸಾಲುಗಳನ್ನು ತೆಗೆಸುವ ಅವಕಾಶವನ್ನೂ ಕೊಡಬೇಕು. “ಆಗಲಿ, ನೋಡೋಣ” ಎಂಬ ಉತ್ತರ ಒಪ್ಪಿಗೆಯಲ್ಲ. ಸ್ನೇಹದ ದಾಕ್ಷಿಣ್ಯದಲ್ಲಿ ನೇರವಾಗಿ ‘ಬೇಡ’ ಎನ್ನುವುದು ಕಷ್ಟ. ಪ್ರಬಂಧದ ಕರಡನ್ನು ಅವಳಿಗೆ ತೋರಿಸಿದರೆ ತಪ್ಪು ಅರ್ಥಗಳೂ ತಿದ್ದಿಕೊಳ್ಳುತ್ತವೆ.

ಒಪ್ಪಿಗೆ ಸಿಗದಿದ್ದರೆ ಕ ತನ್ನ 48 ಸಂದೇಶಗಳನ್ನು ಮಾತ್ರ ಬಳಸಬಹುದು. ಅಲ್ಲಿಯೂ ಎಚ್ಚರ ಬೇಕು: “ಸಾಲದ ಮಾತು ಮತ್ತ ಬಂತೇನು?” ಎಂಬ ಅವಳದೇ ಪ್ರಶ್ನೆ ಖಳ ಉತ್ತರವನ್ನು ಬಯಲು ಮಾಡುತ್ತದೆ. ಅಂಥ ಸಾಲುಗಳನ್ನು ತೆಗೆದ ಮೇಲೆ ಉಳಿಯುವ ಸಾಮಗ್ರಿ ಚಿಕ್ಕದು, ನಿಜ. ಪ್ರಬಂಧದ ವ್ಯಾಪ್ತಿಯನ್ನು ಅದಕ್ಕೆ ತಕ್ಕಂತೆ ಕಿರಿದಾಗಿಸಬೇಕು.

ಅಭ್ಯಾಸ

1. ಸ್ವಂತ ಚಾಟ್‌ನಲ್ಲಿ ತಾವೇ ಬರೆದ ಹತ್ತು ಸಂದೇಶಗಳನ್ನು ಆರಿಸಿ, ಅವುಗಳಲ್ಲಿ ಎಷ್ಟು ಮತ್ತೊಬ್ಬರ ಗುಟ್ಟನ್ನು ಹೊರಗೆಡಹುತ್ತವೆ ಎಂದು ಗುರುತಿಸಿರಿ.
2. ಉಳಿದವುಗಳಲ್ಲಿ ಒಂದು ಮಿಶ್ರ ವಾಕ್ಯದ ರಚನೆಯನ್ನು ವರ್ಗರೂಪದಲ್ಲಿ ಬರೆದು, ಅದೇ ರಚನೆಯ ರಚಿತ ವಾಕ್ಯವೊಂದನ್ನು ಕೊಡಿರಿ.